ರಾಜ್ಯೋತ್ಸವಕ್ಕೆ ಅತಿಥಿಗಳ ಪರಿಚಯ

(ಕೈ ಮುಗಿದು, ನಗುತ್ತಾ)

ಎಲ್ಲರಿಗೂ ನಮಸ್ಕಾರ. ನಾನು ಸಾನ್ವಿ, ಮೂರನೇ ತರಗತಿ.

ಇವತ್ತು ಕನ್ನಡ ರಾಜ್ಯೋತ್ಸವ. ನಮ್ಮ ಮುಖ್ಯ ಅತಿಥಿ ಶ್ರೀ ಗಣೇಶ್ ಅವರು. ಇವರು ಲೋಕಲ್ ಟ್ರೇನಿನ ಮೋಟರ್‌ಮನ್. ಹೌದು, ನಮ್ಮ ಅಪ್ಪ ಅಮ್ಮ ದಿನಾ ಆಫೀಸಿಗೆ ಹೋಗುತ್ತಾರಲ್ಲ, ಅದೇ ಲೋಕಲ್!

ಸರ್ ಹುಟ್ಟಿದ್ದು ಕಾರ್ಕಳದಲ್ಲಿ. ಓದಿದ್ದು ಮುಂಬೈಯಲ್ಲಿ, ನಮ್ಮದೇ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ.

1853ರಲ್ಲಿ ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿತು. ಸರ್ ಟ್ರೇನ್ ಓಡಿಸುವುದೂ ಅದೇ ದಾರಿಯಲ್ಲಿ.

ಜೋರು ಮಳೆ ಬಂದರೆ ಹಳಿ ಮೇಲೆ ನೀರು ನಿಲ್ಲುತ್ತದೆ. ಟ್ರೇನು ಮೆಲ್ಲ ಹೋಗುತ್ತದೆ. ಡಬ್ಬಿಯೊಳಗೆ ನಾವು ಗೊಣಗುತ್ತೇವೆ. ಮುಂದಿನ ಕ್ಯಾಬಿನ್‌ನಲ್ಲಿ ಸರ್ ಮಾತ್ರ ಸಿಗ್ನಲ್ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಕೆಂಪು ಕಂಡರೆ ನಿಲ್ಲಿಸಲೇಬೇಕು, ಎಷ್ಟೇ ತಡವಾದರೂ!

(ಸ್ವಲ್ಪ ನಿಲ್ಲಿಸಿ)

ಸರ್, ನಮಗೆ ತುಂಬಾ ಪ್ರಶ್ನೆಗಳಿವೆ. ಹಾರ್ನ್ ಬಗ್ಗೆ ಮೊದಲು ಹೇಳಬೇಕು!

ದಯವಿಟ್ಟು ವೇದಿಕೆಗೆ ಬನ್ನಿ. ನನ್ನ ಗೆಳೆಯ ಆರ್ಯನ್ ತುಳಸಿ ಗಿಡ ಕೊಟ್ಟು ನಿಮ್ಮನ್ನು ಸ್ವಾಗತಿಸುತ್ತಾನೆ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ!