ಶನಿವಾರದ ಶಭಾಷ್: ನಮ್ಮ ಹಾಲು ಶೀತಲೀಕರಣ ಕೇಂದ್ರದ ಗ್ರೂಪಿಗೆ, ಜೂನ್ 2025ರಿಂದ ಜನವರಿ 2026

ಪಿನ್ ಮಾಡಿದ ಮೆಸೇಜ್
ಎಲ್ಲರಿಗೂ ನಮಸ್ಕಾರ. ಇನ್ನು ಮೇಲೆ ಪ್ರತಿ ಶನಿವಾರ ಸಂಜೆ, ಹಾಲು ಇಳಿಸಿ ಮುಗಿದ ಮೇಲೆ, ಇಲ್ಲಿ ಒಂದು ಮೆಸೇಜ್ ಹಾಕುತ್ತೇನೆ. ಆ ವಾರ ನಮ್ಮಲ್ಲಿ ಒಬ್ಬರು ಮಾಡಿದ ಒಂದು ಕೆಲಸ, ಅಷ್ಟೇ. "ಎಲ್ಲರೂ ಚೆನ್ನಾಗಿ ಮಾಡಿದ್ದೀರಿ" ಅಂತ ಬರೆಯುವುದಿಲ್ಲ, ಅಂಥ ಮಾತು ಯಾರ ಮನಸ್ಸಿಗೂ ತಾಗುವುದಿಲ್ಲ. ಹಾಲು ಕೆಡದೆ ಹೋದರೆ ಅದನ್ನು ಯಾರು ಉಳಿಸಿದರು ಅಂತ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ನಮಗಾದರೂ ಗೊತ್ತಿರಬೇಕು. ನಿಮ್ಮ ಕಣ್ಣಿಗೆ ಏನಾದರೂ ಬಿದ್ದರೆ ಶುಕ್ರವಾರದೊಳಗೆ ಹೇಳಿ. ಯಾರು, ಎಲ್ಲಿ, ಏನು ಮಾಡಿದರು, ಇಷ್ಟು ಸಾಕು.

7 ಜೂನ್: ಬಕ್ರೀದ್‌ಗೆ ರಫೀಕ್ ರಜೆ ಕೇಳುವ ಮೊದಲೇ ಶಿವಣ್ಣ ಎರಡೂ ಹೊತ್ತಿನ ರೂಟ್ ಚೀಟಿ ಇಸಿದುಕೊಂಡು ಹೋದರು. ರಫೀಕ್, ಹಬ್ಬದ ಶುಭಾಶಯ, ಗಾಡಿ ಚಿಂತೆ ಬಿಡಿ.

14 ಜೂನ್: ಲಾವಣ್ಯ ಸೇರಿ ಇನ್ನೂ ವಾರ ಆಗಿಲ್ಲ, ಹಿಂದೆ ಸಾಲಿನಲ್ಲಿ ಎಷ್ಟೇ ಗಲಾಟೆ ಇದ್ದರೂ ಜಾರ್‌ನ ನೊರೆ ಇಳಿಯುವವರೆಗೆ ಕಾದೇ ಲ್ಯಾಕ್ಟೋಮೀಟರ್ ರೀಡಿಂಗ್ ಬರೆಯುತ್ತಾಳೆ.

21 ಜೂನ್: ಮಂಗಳವಾರ ರಾತ್ರಿ ಕರೆಂಟ್ ಹೋಗಿ ಜನರೇಟರ್ ಸ್ಟಾರ್ಟ್ ಆಗದಿದ್ದಾಗ, ನಾಗರಾಜಣ್ಣ ತಮ್ಮ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಕೂರಿಸಿದರು. ಬೆಳಗ್ಗೆ ನೋಡಿದರೆ ಟ್ಯಾಂಕ್ 4 ಡಿಗ್ರಿಯಲ್ಲೇ ಇತ್ತು.

28 ಜೂನ್: ಕೆಂಪಣ್ಣ ಮುಚ್ಚಳ ತೆಗೆದ ಕೂಡಲೇ ವಾಸನೆಯಲ್ಲೇ ಹುಳಿ ಹಿಡಿದು ಕ್ಯಾನ್ ಪಕ್ಕಕ್ಕಿಟ್ಟರು, ಲ್ಯಾಬ್‌ನಲ್ಲಿ ಕುದಿಸಿದರೆ ಒಡೆದೇಬಿಟ್ಟಿತು. ಹೋದದ್ದು 40 ಲೀಟರ್, ಉಳಿದದ್ದು ಇಡೀ ಟ್ಯಾಂಕ್.

5 ಜುಲೈ: ಒಂದೇ ಸಂಘದಲ್ಲಿ ಒಂದೇ ಹೆಸರಿನ ಇಬ್ಬರು ಜಯಮ್ಮ ಇದ್ದಾರೆ ಅಂತ ಬಟವಾಡೆಗೆ ಮುಂಚೆಯೇ ಗುರುತಿಸಿ, ಇಬ್ಬರ ಪಾಸ್‌ಬುಕ್ಕನ್ನೂ ತರಿಸಿ ನೋಡಿದ್ದು ಸುಮಾ. ದುಡ್ಡು ಸರಿಯಾದ ಕೈಗೇ ಹೋಯಿತು.

12 ಜುಲೈ: ಬೆಳಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ ಇಂಜೆಕ್ಷನ್, ಸಂಜೆ ಬಂದಿದ್ದಕ್ಕೆ ಮಾರನೇ ದಿನ ಬೆಳಗ್ಗೆ. ಈ ಲೆಕ್ಕ ತಪ್ಪಬಾರದು ಅಂತ ರವಿ ಭಾನುವಾರ ಮದುವೆ ಮನೆಯಿಂದ ಎದ್ದು ಹೋಗಿ ಬಂದರು.

19 ಜುಲೈ: ಕೆರೆ ಏರಿ ಮೇಲಿನ ಕೆಸರಿನಲ್ಲಿ ಗಾಡಿ ಹೂತಾಗ ಶಿವಣ್ಣ ಊರವರನ್ನು ಕರೆದು ಕ್ಯಾನ್‌ಗಳನ್ನು ಒಂದೊಂದಾಗಿ ಮರದ ನೆರಳಿಗೆ ಸಾಗಿಸಿದರು, ಗಾಡಿ ಎಳೆಸಿದ್ದು ಆಮೇಲೆ.

26 ಜುಲೈ: ಮಳೆಗೆ ಹಸಿಹುಲ್ಲು ಜಾಸ್ತಿಯಾಗಿ ಫ್ಯಾಟ್ ಇಳಿದಿದೆ, ಅದು ಯಾರದ್ದೂ ಮೋಸವಲ್ಲ ಅಂತ ಮಹದೇವಮ್ಮನವರು ತಮ್ಮ ಸಂಘದ ಹೆಂಗಸರಿಗೆ ಹುಲ್ಲಿನ ಕಂತೆ ಹಿಡಿದೇ ವಿವರಿಸಿದರು. ಒಣಹುಲ್ಲನ್ನೂ ಜೊತೆಗೆ ಹಾಕಿ ಅಂತ ಹೇಳಿದ್ದೂ ಅವರೇ.

2 ಆಗಸ್ಟ್: ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಮೇಲೆ ಡಾಕ್ಟರ್ ಸರ್ ಕೊಟ್ಟಿಗೆಯ ಕಂಬದ ಮೇಲೆ ಸೀಮೆಸುಣ್ಣದಲ್ಲಿ "ಈ ತಾರೀಕಿನವರೆಗೆ ಡೈರಿಗೆ ಹಾಕಬೇಡಿ" ಅಂತ ಬರೆದು ಬರುತ್ತಿದ್ದಾರೆ. ಚೀಟಿ ಕಳೆದುಹೋಗಬಹುದು, ಕಂಬ ಎಲ್ಲಿಗೂ ಹೋಗುವುದಿಲ್ಲ.

9 ಆಗಸ್ಟ್: ನಿನ್ನೆ ವರಮಹಾಲಕ್ಷ್ಮಿ. ಮನೆಯಲ್ಲಿ ಕಳಸ ಕೂರಿಸುವವರು ಬೇಗ ಹೋಗಲಿ ಅಂತ ಚಂದ್ರು ರಾತ್ರಿ ಪಾಳಿ ಮುಗಿದ ಮೇಲೂ ನಿಂತು ಕ್ಯಾನ್ ತೊಳೆದುಕೊಟ್ಟ.

16 ಆಗಸ್ಟ್: ಟ್ಯಾಂಕ್ ತೊಳೆಯುವಾಗ ಔಟ್‌ಲೆಟ್ ವಾಲ್ವನ್ನು ಪೂರ್ತಿ ಬಿಚ್ಚಿ, ಗ್ಯಾಸ್ಕೆಟ್ ಹಿಂದೆ ಕಟ್ಟಿದ್ದ ಹಳದಿ ಜಿಡ್ಡನ್ನು ಸಣ್ಣ ಬ್ರಷ್‌ನಲ್ಲಿ ತೆಗೆದದ್ದು ಕೆಂಪಣ್ಣ. ಹೊರಗಿನಿಂದ ನೋಡಿದರೆ ಅದು ಕಾಣುವ ಜಾಗವೇ ಅಲ್ಲ.

23 ಆಗಸ್ಟ್: ಹೋದ ವಾರದ ವಾಲ್ವ್ ನೆನಪಿದೆಯಲ್ವಾ? ಮಂಗಳವಾರದ ಮೆಥಿಲೀನ್ ಬ್ಲೂ ಟೆಸ್ಟ್‌ನಲ್ಲಿ ಐದು ಗಂಟೆ ದಾಟಿದರೂ ನೀಲಿ ಬಣ್ಣ ಹೋಗಿರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಟ್ಯೂಬ್ ನೋಡಿ ಬರೆದಿಟ್ಟದ್ದು ಲಾವಣ್ಯ, ಟ್ಯಾಂಕ್ ತೊಳೆದದ್ದು ಕೆಂಪಣ್ಣ. ಈ ವಾರ ಇಬ್ಬರಿಗೂ.

30 ಆಗಸ್ಟ್: ಗಣೇಶನ ಹಬ್ಬಕ್ಕೆ ಶಿವಣ್ಣನ ರೂಟ್ ರಫೀಕ್ ನೋಡಿಕೊಂಡರು, ವಾಪಸ್ ಬರುವಾಗ ಪ್ರತಿ ಸಂಘದವರು ಕೊಟ್ಟ ಕಡುಬನ್ನೂ ಶಿವಣ್ಣನ ಮನೆಗೇ ಮುಟ್ಟಿಸಿದರು.

6 ಸೆಪ್ಟೆಂಬರ್: ಕಂಪ್ರೆಸರ್ ಸದ್ದು ಬದಲಾಗಿದೆ ಅಂತ ಚಂದ್ರು ರಾತ್ರಿ ಎರಡು ಗಂಟೆಗೆ ನಾಗರಾಜಣ್ಣನಿಗೆ ಫೋನ್ ಹಿಡಿದು ಕೇಳಿಸಿದ. ಬೆಲ್ಟ್ ಸಡಿಲವಾಗಿತ್ತು, ತುಂಡಾಗುವ ಮೊದಲೇ ಸಿಕ್ಕಿತು.

13 ಸೆಪ್ಟೆಂಬರ್: ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಕಿವಿ ಓಲೆಯ 12 ಅಂಕಿಯನ್ನು ರವಿ ಜೋರಾಗಿ ಓದಿ, ಹಸುವಿನ ಯಜಮಾನರ ಬಾಯಲ್ಲೂ ಒಮ್ಮೆ ಹೇಳಿಸಿ ಆಮೇಲೆ ಬರೆದುಕೊಂಡರು. ಇಡೀ ಊರಿನ ಪಟ್ಟಿಯಲ್ಲಿ ಒಂದು ತಿದ್ದುಪಡಿಯೂ ಬೇಕಾಗಲಿಲ್ಲ.

20 ಸೆಪ್ಟೆಂಬರ್: ಇದು ಒಂದು ಸಾಲಿಗೆ ಹಿಡಿಯುವುದಿಲ್ಲ, ಕ್ಷಮಿಸಿ. ಗುರುವಾರ ಒಂದು ಸಂಘದ ಕಾರ್ಯದರ್ಶಿ "ಫ್ಯಾಟ್ ಕಡಿಮೆ ಬರೆದಿದ್ದೀರಿ" ಅಂತ ಕೌಂಟರ್ ಮುಂದೆ ಕೂಗಾಡಿದರು. ಲಾವಣ್ಯ ಎದುರು ಮಾತಾಡಲಿಲ್ಲ. ಸ್ಟೂಲ್ ಹಾಕಿ ಅವರನ್ನು ಒಳಗೆ ಕೂರಿಸಿದಳು. ಅವರ ಕಣ್ಣೆದುರೇ ಬ್ಯುಟಿರೋಮೀಟರ್‌ಗೆ 10 ಎಂಎಲ್ ಆಸಿಡ್, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೋಹಾಲ್ ಹಾಕಿ ಸೆಂಟ್ರಿಫ್ಯೂಜ್ ತಿರುಗಿಸಿ, ಬಿಸಿನೀರಿನಲ್ಲಿಟ್ಟು, ಗೆರೆಯನ್ನು ಅವರ ಕೈಯಲ್ಲೇ ಓದಿಸಿದಳು. ಅದೇ ಅಂಕಿ ಬಂತು. ಅವರು ಹೋಗುವಾಗ "ನಮ್ಮ ಹುಡುಗನಿಗೂ ಇದನ್ನು ಹೇಳಿಕೊಡಮ್ಮ" ಅಂದರು. ಲಾವಣ್ಯ, ಶಭಾಷ್.

27 ಸೆಪ್ಟೆಂಬರ್: ಕೆಂಪಣ್ಣ ಬೆನ್ನು ನೋವು ಅಂತ ಬಾಯಿಬಿಟ್ಟು ಹೇಳಿದರು, ರಜೆ ಹಾಕಿದರು. ಮುಚ್ಚಿಡದೆ ಹೇಳಿದ್ದಕ್ಕೇ ಈ ವಾರದ ಶಭಾಷ್.

4 ಅಕ್ಟೋಬರ್: ಆಯುಧ ಪೂಜೆಗೆ ಜನರೇಟರ್, ಕಂಪ್ರೆಸರ್, ತೂಕದ ಯಂತ್ರ ಎಲ್ಲಕ್ಕೂ ನಾಗರಾಜಣ್ಣ ಹೂವು ಮುಡಿಸಿದರು, ಟ್ಯಾಂಕ್ ಮುಚ್ಚಳದ ಹತ್ತಿರ ಮಾತ್ರ ಒಂದು ಚಿಟಿಕೆ ಕುಂಕುಮವೂ ಬೀಳದಂತೆ ನೋಡಿಕೊಂಡರು.

11 ಅಕ್ಟೋಬರ್: ಕೆಂಪಣ್ಣ ಇಲ್ಲದ ವಾರ ಚಂದ್ರು ಮತ್ತು ರಫೀಕ್ ತುಂಬಿದ ಕ್ಯಾನನ್ನು ಇಬ್ಬರೂ ಸೇರಿ ಎತ್ತುವ ಅಭ್ಯಾಸ ಶುರು ಮಾಡಿದರು. ಇನ್ನು ಮೇಲೆ ಎಲ್ಲರೂ ಹೀಗೇ ಎತ್ತೋಣ.

18 ಅಕ್ಟೋಬರ್: ಹಬ್ಬಕ್ಕೆ ಮುಂಚೆ ಬಟವಾಡೆ ಆಗಲೇಬೇಕು ಅಂತ ಸುಮಾ ಗುರುವಾರ ರಾತ್ರಿ ಎಂಟರವರೆಗೆ ಕೂತು ಪಟ್ಟಿ ಮುಗಿಸಿದರು. ಮಗಳನ್ನು ಟ್ಯೂಷನ್‌ನಿಂದ ಕರೆತಂದದ್ದು ಮಹದೇವಮ್ಮನವರು, ಅವರಿಗೂ ಇದರಲ್ಲಿ ಪಾಲಿದೆ.

25 ಅಕ್ಟೋಬರ್: ಬಲಿಪಾಡ್ಯಮಿಗೆ ಹಸುಗಳ ಮೈ ತೊಳೆದು ಬಣ್ಣ ಹಚ್ಚುವವರಿಗೆ, ಕೆಚ್ಚಲಿನ ಹತ್ತಿರ ಬಣ್ಣ ಬೇಡ ಅಂತ ಡಾಕ್ಟರ್ ಸರ್ ಎರಡು ದಿನ ಮುಂಚೆಯೇ ಪ್ರತಿ ಸಂಘಕ್ಕೂ ಆಡಿಯೋ ಕಳಿಸಿದ್ದರು.

1 ನವೆಂಬರ್: ರಾಜ್ಯೋತ್ಸವದ ಶುಭಾಶಯ. ಸಂಘಗಳಿಗೆ ಹೋಗುವ ಗುಣಮಟ್ಟದ ಚೀಟಿಯನ್ನು ಸುಮಾ ಪೂರ್ತಿ ಕನ್ನಡದಲ್ಲಿ ಮಾಡಿದ್ದಾರೆ. "ಈಗ ನಾನೇ ಓದ್ಕೊಂಡೆ" ಅಂತ ಒಬ್ಬ ಅಜ್ಜಿ ಫೋನ್ ಮಾಡಿದ್ದರು.

8 ನವೆಂಬರ್: ದಾರಿಯಲ್ಲಿ ಗಾಡಿ ಕೆಟ್ಟಾಗ ರಫೀಕ್ ನಮಗೆ ಫೋನ್ ಮಾಡುವ ಮೊದಲೇ ಎರಡು ಲಗೇಜ್ ಆಟೋ ಹಿಡಿದಿದ್ದರು. ಹಾಲು ಬಂದ ಮೇಲೆ ಗಾಡಿ ವಿಷಯ ಹೇಳಿದರು.

15 ನವೆಂಬರ್: ಕರು ಹಾಕಿದ ಮೂರನೇ ದಿನದ ಹಾಲನ್ನು ಡೈರಿಗೆ ತಂದವರಿಗೆ ಮಹದೇವಮ್ಮನವರು ಬೈಯಲಿಲ್ಲ, ಮೊದಲು ಕರು ಹೊಟ್ಟೆ ತುಂಬ ಕುಡಿಯಲಿ, ಮಿಕ್ಕಿದ್ದರಲ್ಲಿ ಗಿಣ್ಣು ಮಾಡಿ ಅಂತ ಬೆಲ್ಲ, ಏಲಕ್ಕಿಯ ಅಳತೆ ಸಮೇತ ಹೇಳಿ ಕಳಿಸಿದರು.

22 ನವೆಂಬರ್: ವಾರವಿಡೀ ಶಿವಣ್ಣ ಒಂದು ಸ್ಟಾಪ್‌ಗೂ ತಡ ಮಾಡಿಲ್ಲ.

29 ನವೆಂಬರ್: ಬುಧವಾರ ರಾಷ್ಟ್ರೀಯ ಹಾಲು ದಿನ, 1921ರಲ್ಲಿ ವರ್ಗೀಸ್ ಕುರಿಯನ್ ಹುಟ್ಟಿದ ದಿನ. ನೋಡಲು ಬಂದ ಶಾಲೆ ಮಕ್ಕಳಿಗೆ ಕೆಂಪಣ್ಣ ಬಿಸಿ ಹಾಲಿನ ಕ್ಯಾನ್ ಮತ್ತು ಟ್ಯಾಂಕ್ ಎರಡನ್ನೂ ಮುಟ್ಟಿಸಿ "ಈ ಬಿಸಿಯಿಂದ ಈ ತಣ್ಣಗೆ ತರೋದೇ ನಮ್ಮ ಕೆಲಸ" ಅಂದರು. ನನಗೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

6 ಡಿಸೆಂಬರ್: ಚಳಿ ಶುರುವಾಗಿ ಬೆಳಗಿನ ಜಾವ ಕೈ ಮರಗಟ್ಟುತ್ತಿದೆ. ನಾಗರಾಜಣ್ಣ ಕ್ಯಾನ್ ತೊಳೆಯುವವರಿಗೆ ಬಿಸಿನೀರಿನ ಲೈನ್ ಹೊರಗಿನ ನಲ್ಲಿವರೆಗೆ ಎಳೆದುಕೊಟ್ಟರು.

13 ಡಿಸೆಂಬರ್: ಲಾವಣ್ಯ ಭಾನುವಾರ ಮಧ್ಯಾಹ್ನ ಆ ಕಾರ್ಯದರ್ಶಿಯ ಮಗನಿಗೆ ಫ್ಯಾಟ್ ಟೆಸ್ಟ್ ಕಲಿಸಲು ಶುರು ಮಾಡಿದ್ದಾಳೆ. ಮೊದಲ ಪಾಠ: ಆಸಿಡ್ ಬಾಟಲಿ ಎಲ್ಲಿಡಬೇಕು, ಎಲ್ಲಿಡಬಾರದು.

20 ಡಿಸೆಂಬರ್: ಮೂರು ಸಲ ಬೆದೆಗೆ ಬಂದರೂ ಗಬ್ಬ ನಿಲ್ಲದ ಹಸುವನ್ನು ಮಾರಿಬಿಡುತ್ತೇವೆ ಅಂದವರನ್ನು ರವಿ ತಡೆದು ಡಾಕ್ಟರ್ ಸರ್ ಹತ್ತಿರ ತೋರಿಸಿದ್ದರು. ಈ ವಾರ ಪರೀಕ್ಷೆಯಲ್ಲಿ ಗಬ್ಬ ನಿಂತಿದೆ ಅಂತ ಗೊತ್ತಾಯಿತು.

27 ಡಿಸೆಂಬರ್: ಮಂಜಿನಲ್ಲಿ ಮುಂದೆ ಏನೂ ಕಾಣದಿದ್ದಾಗ ರಫೀಕ್ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕಾದರು. ತಡವಾಗಿದ್ದಕ್ಕೆ ಯಾರೂ ಕೇಳಬೇಡಿ, ನಾನೇ ಹಾಗೆ ಮಾಡಲು ಹೇಳಿದ್ದೇನೆ.

3 ಜನವರಿ: ಹೊಸ ರಿಜಿಸ್ಟರ್‌ನ ಮೊದಲ ಪುಟದಲ್ಲಿ ಸುಮಾ ಪ್ರತಿಯೊಬ್ಬರ ರಕ್ತದ ಗುಂಪು ಮತ್ತು ಮನೆ ಫೋನ್ ನಂಬರ್ ಬರೆದಿಟ್ಟಿದ್ದಾರೆ. ಯಾರೂ ಹೇಳಿರಲಿಲ್ಲ.

10 ಜನವರಿ: ಚಂದ್ರು ಐಟಿಐಗೆ ಮತ್ತೆ ಸೇರಿಕೊಂಡ, ಪರೀಕ್ಷೆ ದಿನಗಳ ರಾತ್ರಿ ಪಾಳಿಯನ್ನು ನಾಗರಾಜಣ್ಣ ಕೇಳುವ ಮೊದಲೇ ತಮ್ಮ ಹೆಸರಿಗೆ ಬರೆದುಕೊಂಡಿದ್ದಾರೆ.

17 ಜನವರಿ: ಸಂಕ್ರಾಂತಿ ದಿನ ಹಸುಗಳನ್ನು ಕಿಚ್ಚು ಹಾಯಿಸುವ ಜಾಗಕ್ಕೆ ಡಾಕ್ಟರ್ ಸರ್ ಸುಟ್ಟಗಾಯದ ಮುಲಾಮು ಹಿಡಿದು ಹೋಗಿ ಕತ್ತಲಾಗುವವರೆಗೆ ನಿಂತಿದ್ದರು. ಬೆಂಕಿ ಸಣ್ಣದಾಗಿ ಹಾಕಿಸಿದ್ದು ಶಿವಣ್ಣ. ಮುಂದಿನ ಶನಿವಾರ ನಾನು ಊರಲ್ಲಿರುವುದಿಲ್ಲ, ಸುಮಾ ಬರೆಯುತ್ತಾರೆ, ಹೆಸರುಗಳನ್ನು ಅವರಿಗೇ ಕಳಿಸಿ.