ಸುತ್ತಿಗೊಂದು ಮಾತು

ಗೋಳಗುಮ್ಮಟದ ಉದ್ಯಾನದಲ್ಲಿ ಬೆಳಿಗ್ಗೆ ನಡೆಯುವವರ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನೀಲಕ್ಕ, ಎಲ್ಲರಿಗಿಂತ ಹಿಂದೆ ಹಿರೇಮಠ ಸರ್. ಅವರು ಒಂದು ಸುತ್ತು ಮುಗಿಸುವಷ್ಟರಲ್ಲಿ ಈಕೆಯದು ಎರಡು. ಹೀಗಾಗಿ ಅವರಿಬ್ಬರ ಮಾತುಕತೆ ನಡೆದದ್ದೆಲ್ಲ ಕಂತಿನಲ್ಲಿ.

ಮೊದಲ ಕಂತು, "ಸರ್, ಬೂಟಿನ ಲೇಸು ಬಿಚ್ಚಿದೆ."

ಮರುಸುತ್ತಿಗೆ ಉತ್ತರ: "ಕಟ್ಟಿಕೊಂಡೆ, ಅಕ್ಕಾವರೇ."

ಮರುದಿನ ಮಗ ಎಲ್ಲಿದ್ದಾನೆಂದು ಕೇಳಿದಳು. ಪುಣೆಯಲ್ಲಿ.

"ಹಾಗಾದರೆ ರೊಟ್ಟಿ ಯಾರು ಬಡಿಯುತ್ತಾರೆ?"

"ಖಾನಾವಳಿಯಿಂದ ಕಡಕ್ ರೊಟ್ಟಿ ತಂದಿಡುತ್ತೇನೆ. ವಾರ ಕಳೆಯುತ್ತದೆ."

ಅದಕ್ಕೆ ನೀಲಕ್ಕ ಏನೂ ಅನ್ನಲಿಲ್ಲ. ಮೂರನೆಯ ದಿನ ತೋಪುಗಳ ಹತ್ತಿರ ಅವರ ಕೈಗೆ ಗುರೆಳ್ಳು ಚಟ್ನಿಯ ಡಬ್ಬಿಯೊಂದನ್ನು ತುರುಕಿ ಮುಂದೆ ಹೋದಳು.

ಗುಮ್ಮಟದ ಒಳಗೆ ಒಂದು ಪಿಸುಮಾತು ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. ಹೊರಗಿನ ಗುಂಪಿನಲ್ಲಿ ಎಪ್ಪತ್ತು ಸಲ ಕೇಳಿಸಿತು. ಡಬ್ಬಿಯ ಸುದ್ದಿ ನೀಲಕ್ಕನಿಗಿಂತ ಮೊದಲೇ ಅವಳ ಮನೆ ಮುಟ್ಟಿತ್ತು. ಸೊಸೆ ಏನೂ ಕೇಳಲಿಲ್ಲ, ಡಬ್ಬಿ ಎಲ್ಲಿ ಎಂದಷ್ಟೇ ಕೇಳಿದಳು.

ಅದಾದ ಮೇಲೆ ನಾಲ್ಕು ದಿನ ನೀಲಕ್ಕ ಬರಲಿಲ್ಲ. ಐದನೆಯ ದಿನ ಬಂದವಳೇ ಕೇಳಿದಳು, "ಅಷ್ಟು ನಿಧಾನ ಏಕೆ ನಡೆಯುತ್ತೀರಿ? ಮಂಡಿ ನೋವೇ?"

"ನೋವು ನನ್ನದಲ್ಲ, ಪಾರ್ವತಿಯದು. ಹನ್ನೊಂದು ವರ್ಷ ಅವಳ ಮಂಡಿ ನೋಡಿಕೊಂಡು ಹೆಜ್ಜೆ ಇಟ್ಟೆ. ಅವಳು ಹೋಗಿ ಎರಡು ವರ್ಷವಾಯಿತು. ಕಾಲಿಗೆ ಇನ್ನೂ ಗೊತ್ತಾಗಿಲ್ಲ."

ಇಷ್ಟು ಉದ್ದದ ಮಾತು ಕೇಳಲು ಅವಳು ಮೊದಲ ಸಲ ಹೆಜ್ಜೆ ತಗ್ಗಿಸಿದ್ದಳು. ಉತ್ತರ ಹೊಳೆಯದೆ ಮತ್ತೆ ಬಿರಬಿರನೆ ಹೊರಟಳು. ಒಂದು ಸುತ್ತು ಬಂದಳು, ಸುಮ್ಮನೆ ದಾಟಿದಳು. ಇನ್ನೊಂದು ಸುತ್ತು ಬಂದಾಗ ಏದುಸಿರಿನಲ್ಲಿ ಹೇಳಿದಳು, "ನಮ್ಮವರು ರೈಲ್ವೆಯಲ್ಲಿದ್ದರು. ಹಿಂತಿರುಗಿ ನೋಡುವ ಮನುಷ್ಯರಲ್ಲ. ಜಾತ್ರೆಯಿರಲಿ, ಆಸ್ಪತ್ರೆಯಿರಲಿ, ಮೂವತ್ತು ವರ್ಷ ಅವರ ಬೆನ್ನು ನೋಡುತ್ತಲೇ ಓಡಿದೆ."

"ಈಗ ಮುಂದೆ ಯಾರೂ ಇಲ್ಲವಲ್ಲ?"

"ಇಲ್ಲ. ಆದರೂ ತಪ್ಪಿಸಿಕೊಂಡು ಹೋದಾರೆಂಬ ಹೆದರಿಕೆ."

ಹಿರೇಮಠ ಸರ್ ನಕ್ಕರು. ನಗಬಾರದಿತ್ತೇನೋ ಎಂದುಕೊಂಡರು. ಅವಳೂ ನಕ್ಕಿದ್ದಳು.

ಅಂದು ಗೇಟಿನ ಹೊರಗಿನ ಚಹಾದಂಗಡಿಗೆ ಇಬ್ಬರೂ ಒಟ್ಟಿಗೆ ಬಂದರು. ಬೆಂಚಿನ ಮೇಲಿದ್ದ ನಾಲ್ವರು ಗುಂಪಿನವರು ಒಮ್ಮೆಲೇ ಪತ್ರಿಕೆ ಓದತೊಡಗಿದರು. ಒಂದೇ ಪತ್ರಿಕೆ, ನಾಲ್ವರೂ.

"ಎರಡು ಚಹಾ, ಒಂದಕ್ಕೆ ಸಕ್ಕರೆ ಬೇಡ," ಎಂದರು ಸರ್.

ನೀಲಕ್ಕ ಒಂದು ಗುಟುಕು ಕುಡಿದು ಗಾಜಿನ ಲೋಟದೊಳಗೆ ನೋಡಿದಳು.

"ಇದು ಯಾರ ಚಹಾ, ಸರ್?"

ಅವರ ಮುಖ ಕೆಂಪಾಯಿತು. "ಅಯ್ಯೋ, ಬಾಯಿಗೆ ರೂಢಿಯಾಗಿಬಿಟ್ಟಿದೆ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು..."

ನೀಲಕ್ಕ ಅರ್ಧ ಲೋಟ ಹಾಗೆಯೇ ಕುಡಿದಳು. ಆಮೇಲೆ ಉಳಿದರ್ಧವನ್ನು ಅಂಗಡಿಯ ಹುಡುಗನ ಮುಂದೆ ಹಿಡಿದಳು.

"ತಮ್ಮಾ, ಇದಕ್ಕೆ ಎರಡು ಚಮಚ ಸಕ್ಕರೆ ಹಾಕು."