ತಡವಾಗಿ, ಒಡೆದು ತಲುಪಿದ ಆರ್ಡರ್‌ಗೆ ಕ್ಷಮೆಯಾಚನೆ: ಫೋನ್ ಮಾತಿನ ಪಠ್ಯ

ನಮಸ್ಕಾರ ಮೇಡಂ, ಗ್ರಾಹಕ ಸೇವಾ ವಿಭಾಗದಿಂದ ಮಾತನಾಡುತ್ತಿದ್ದೇನೆ. ಸೋಮವಾರ ಜಯನಗರದ ನಿಮ್ಮ ಮನೆಗೆ ತಲುಪಬೇಕಿದ್ದ ಮಿಕ್ಸಿ ಗುರುವಾರ ಬಂದಿದೆ. ಅದೂ ಚಟ್ನಿ ಜಾರ್‌ನ ಹಿಡಿ ಮುರಿದು, ಮುಚ್ಚಳ ಬಿರುಕು ಬಿಟ್ಟ ಸ್ಥಿತಿಯಲ್ಲಿ. ನೀವು ಕಳುಹಿಸಿದ ಫೋಟೋಗಳನ್ನು ನೋಡಿದ್ದೇನೆ. ತಡವಾದದ್ದೂ ಒಡೆದದ್ದೂ ನಮ್ಮ ಕಡೆಯ ತಪ್ಪೇ. ಅದಕ್ಕಾಗಿ ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇನೆ. ಮಳೆ, ಟ್ರಾಫಿಕ್ ಎಂದು ನೆಪ ಹೇಳುವುದಿಲ್ಲ. ಪೆಟ್ಟಿಗೆಯೊಳಗೆ ಜಾರ್‌ಗೆ ಥರ್ಮಾಕೋಲ್ ಆಸರೆಯೇ ಇರಲಿಲ್ಲವೆಂಬುದು ಫೋಟೋದಲ್ಲೇ ಕಾಣುತ್ತಿದೆ. ನಾಳೆ ಸಂಜೆ 6 ಗಂಟೆಯೊಳಗೆ ಹೊಸ ಮಿಕ್ಸಿಯನ್ನು ತಲುಪಿಸಿ, ಒಡೆದದ್ದನ್ನು ಅದೇ ಡೆಲಿವರಿಯವರು ಹಿಂದಕ್ಕೆ ಒಯ್ಯುವಂತೆ ಏರ್ಪಾಡು ಮಾಡುತ್ತೇನೆ. ನೀವು ಮತ್ತೆ ಪ್ಯಾಕ್ ಮಾಡಬೇಕಾಗಿಲ್ಲ. ಬದಲಿ ಬೇಡವೆಂದರೆ, ಪೂರ್ತಿ ಹಣವನ್ನು ನೀವು ಪಾವತಿಸಿದ ಖಾತೆಗೇ ಮರಳಿಸುತ್ತೇವೆ. ಎರಡರಲ್ಲಿ ಯಾವುದು ನಿಮಗೆ ಅನುಕೂಲವೆಂದು ದಯವಿಟ್ಟು ತಿಳಿಸಿ, ಮೇಡಂ.